ತಮ್ಮನಿಗೆ: ನಿನ್ನ ಓದಿನ ಸಾಲ ಯಾವ ತಿಂಗಳು ಹೇಗೆ ತೀರುತ್ತದೆ

ತಮ್ಮಾ, ಮೊನ್ನೆ ರಾತ್ರಿ ನೀನು ಕಳಿಸಿದ ಮಾತು ಕೇಳಿದೆ. "ಅಣ್ಣಾ, ಮೂರನೇ ವರ್ಷದ ಫೀ ತುಂಬೋದು ಬೇಡ, ನಾನು ಗೋವಾಕ್ಕೆ ಕೆಲಸಕ್ಕೆ ಹೋಗ್ತೀನಿ, ಸಾಲ ಬೆಳೆಯೋದು ನಿಲ್ಲಲಿ" ಅಂದಿದ್ದೀ. ಆಯಿಗೆ ಇನ್ನೂ ಹೇಳಿಲ್ಲ. ಬಯ್ಯಲಿಕ್ಕೆ ಇದನ್ನು ಬರೀತಾ ಇಲ್ಲ. ಲೆಕ್ಕ ನನ್ನ ತಲೆಯಲ್ಲಿ ಮಾತ್ರ ಇತ್ತು, ನಿನಗೆ ಕೂತು ಹೇಳಲೇ ಇಲ್ಲ, ಅದು ನನ್ನ ತಪ್ಪು. ಈ ಸುತ್ತಿನಲ್ಲಿ ಮಕ್ಕಳನ್ನು, ತಮ್ಮ-ತಂಗಿಯರನ್ನು ಸಾಲ ಮಾಡಿ ಓದಿಸ್ತಿರೋ ಮನೆ ಇನ್ನೂ ಇವೆ, ಹಾಗಾಗಿ ಇಲ್ಲೇ ಬರೆದೆ.

ಮೊದಲು ಸಾಲ ಎಷ್ಟು ಅಂತ ನೋಡು. ನಿನ್ನ ನರ್ಸಿಂಗ್ ಓದಿಗೆ ಬ್ಯಾಂಕು ಒಪ್ಪಿದ್ದು 1,80,000 ರೂಪಾಯಿ. ವರ್ಷಕ್ಕೆ 60,000ದಂತೆ ಮೂರು ಸಲ ಕಾಲೇಜಿಗೆ ಹೋಗುತ್ತದೆ, ಮೂರನೆಯದು ಈ ಜೂನ್‌ನಲ್ಲಿ. ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತು. ಓದು ಮುಗಿದು ಒಂದು ವರ್ಷ ಆಗುವವರೆಗೆ ಕಂತು ಇಲ್ಲ. ಇದನ್ನು ಕೇಳಿ ಎಷ್ಟೋ ಜನ "ಅಲ್ಲೀವರೆಗೆ ಚಿಂತೆ ಇಲ್ಲ" ಅಂತ ಕೂತುಬಿಡ್ತಾರೆ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಮೊದಲ ವರ್ಷ 6,000, ಎರಡನೇ ವರ್ಷ 12,000, ಮೂರನೇ ವರ್ಷ 18,000, ಓದು ಮುಗಿದ ಮೇಲಿನ ವರ್ಷ ಮತ್ತೆ 18,000. ಒಟ್ಟು 54,000. ನಾವು ಏನೂ ಕಟ್ಟದೆ ಬಿಟ್ಟಿದ್ದರೆ ಇದೆಲ್ಲ ಅಸಲಿಗೆ ಸೇರಿ 2,34,000 ಆಗ್ತಿತ್ತು. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಹೆಚ್ಚುಕಮ್ಮಿ 4,970 ರೂಪಾಯಿ ಕಂತು. ಆಗ ಬಡ್ಡಿಯ ಮೇಲೂ ಬಡ್ಡಿ ಕೊಟ್ಟಂತೆ.

ಅದಕ್ಕೇ ಮೊದಲ ವರ್ಷ ತಿಂಗಳಿಗೆ 500, ಹೋದ ವರ್ಷ 1,000 ಅಂತ ಬಡ್ಡಿ ಕಟ್ಟುತ್ತಾ ಬಂದಿದ್ದೇನೆ. ಈ ಜೂನ್‌ನಿಂದ ಅದು 1,500 ಆಗುತ್ತದೆ. ನೀನು ಕೇಳಿದ್ದು ಇದೇ ತಾನೆ, "ಎಲ್ಲಿಂದ ತರ್ತೀ?" ಅಂತ. ತಿಂಗಳು ತಿಂಗಳು ಹೇಳ್ತೀನಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕುಂಬಾರವಾಡದಲ್ಲಿ ದುಡ್ಡು ಹೋಗುವ ತಿಂಗಳು, ಬರುವ ತಿಂಗಳಲ್ಲ. ನಾಟಿ ಆಳು, ತೋಟಕ್ಕೆ ಎರಡು ಸಲ ಮೈಲುತುತ್ತ ಸುಣ್ಣದ ಔಷಧಿ, ನಡುವೆ ಚೌತಿ. ಈ ನಾಲ್ಕು ತಿಂಗಳ 6,000ವನ್ನು ನಾನು ಮೇ ತಿಂಗಳಲ್ಲೇ ಬೇರೆ ತೆಗೆದಿಟ್ಟಿದ್ದೇನೆ. ಮನೆಖರ್ಚಿನ ಖಾತೆಯಲ್ಲಿಲ್ಲ, ಆಯಿಯ ಖಾತೆಯಲ್ಲಿದೆ. ನನ್ನ ಕೈಗೆ ಸಿಗುವ ಹಾಗಿದ್ದರೆ ಔಷಧಿಗೋ ಆಳಿಗೋ ಹೋಗಿಬಿಡ್ತಿತ್ತು.

ಅಕ್ಟೋಬರ್‌ನಿಂದ ಮೇವರೆಗೆ ಬಡ್ಡಿ ಡೈರಿ ಹಣದಿಂದ. ಒಂದು ಹಸು ಕರೆಯುತ್ತಿದ್ದರೂ ಹಿಂಡಿ ಖರ್ಚು ಕಳೆದು ತಿಂಗಳಿಗೆ ಸುಮಾರು 2,000 ಉಳಿಯುತ್ತದೆ. ಅದರಲ್ಲಿ 1,500 ನಿನ್ನ ಬಡ್ಡಿಗೆ. ನವೆಂಬರ್‌ನಲ್ಲಿ ಭತ್ತ ಕೊಯ್ದರೆ ಅಕ್ಕಿ ಮನೆಗೆ, ಮಾರಲಿಕ್ಕೆ ಉಳಿಯೋದಿಲ್ಲ. ಆದರೆ ಹುಲ್ಲು ಬರುತ್ತದೆ, ಮೇವಿಗೆ ದುಡ್ಡು ಕೊಡೋದು ತಪ್ಪುತ್ತದೆ.

ಹೋದ ವರ್ಷ ನಾನು ಎಡವಿದ್ದು ಇಲ್ಲೇ. ಗೌರಿ, ಕೆಂಪಿ ಎರಡೂ ಒಟ್ಟಿಗೇ ಗಬ್ಬ ಆಗಿದ್ದವು. ಕರು ಹಾಕುವ ಎರಡು ತಿಂಗಳು ಮೊದಲು ಹಾಲು ಬಿಡಿಸಬೇಕಲ್ಲ, ಎರಡರದ್ದೂ ಒಂದೇ ಸಲ ನಿಂತಿತು. ಎರಡು ತಿಂಗಳ ಬಡ್ಡಿ, 2,000, ಹಾಗೇ ಉಳಿಯಿತು. ಚಾಲಿ ಮಾರಿದ ಮೇಲೆ ಕಟ್ಟಿದೆ. ಈ ಸಲ ಕೆಂಪಿಗೆ ಬೆದೆ ಬಂದರೂ ಎರಡು ಸಲ ಬಿಟ್ಟು, ಗೌರಿಗಿಂತ ತಡವಾಗಿ ಇಂಜೆಕ್ಷನ್ ಮಾಡಿಸಿದ್ದೇನೆ. ಈಗ ಎರಡರ ಕರು ಹಾಕುವ ದಿನಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಅಂತರ ಇದೆ. ಒಂದು ನಿಂತಾಗ ಇನ್ನೊಂದು ಕರೆಯುತ್ತದೆ. ತಿಂಗಳ ಸಾಲ ಇಟ್ಟುಕೊಂಡವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಡಿಸೆಂಬರ್, ಜನವರಿಗೆ ಮುಡ್ಲಿ, ಕೋನ ಅಗೆಯೋದು. ಆಯಿ ಬೆಳೆದದ್ದು. ಜೊಯ್ಡಾದ ಗೆಡ್ಡೆ-ಗೆಣಸು ಮೇಳದಲ್ಲಿ ಒಂದಿಷ್ಟು, ಉಳಿದದ್ದು ಸಂತೆಯಲ್ಲಿ. ಆ ದುಡ್ಡು ಕೊನೆ ಕೊಯ್ಲಿನ ಆಳಿಗೆ ಹೋಗುತ್ತದೆ. ನಿನ್ನ ಸಾಲಕ್ಕೆ ಅದನ್ನು ಮುಟ್ಟೋದಿಲ್ಲ, ಆದರೆ ಅದಿಲ್ಲದಿದ್ದರೆ ಆಳಿಗೆ ಕೈಸಾಲ ಮಾಡಬೇಕಾಗ್ತಿತ್ತು.

ಫೆಬ್ರವರಿಯಲ್ಲಿ ಅಂಗಳ ತುಂಬ ಅಡಿಕೆ, ಕೈಯಲ್ಲಿ ದುಡ್ಡಿಲ್ಲ. ಹಣ್ಣಡಿಕೆ ಒಣಗಿ ಚಾಲಿ ಆಗಲಿಕ್ಕೆ ನಲವತ್ತು ದಿನದ ಮೇಲೆ ಬಿಸಿಲು ಬೇಕು. ಮಾರ್ಚ್‌ನಲ್ಲಿ ಮೊದಲ ಚೀಲ ಮಾರಿದ ಕೂಡಲೇ ಸೊಸೈಟಿ ಬೆಳೆಸಾಲ 50,000 ಕಟ್ಟಬೇಕು. ನಿನ್ನ ಸಾಲಕ್ಕಿಂತ ಮೊದಲು ಅದೇ. ಯಾಕಂದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಅದಕ್ಕೆ ಬಡ್ಡಿ ಇಲ್ಲ, ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಬಡ್ಡಿ ಇಲ್ಲದ ಸಾಲವನ್ನು ತಪ್ಪಿಸಿ ಬಡ್ಡಿ ಸಾಲ ತೀರಿಸಿದರೆ ಎರಡೂ ಕಡೆ ನಷ್ಟ.

ಏಪ್ರಿಲ್‌ನಲ್ಲಿ ಗೇರುಬೀಜ, ಮುರುಗಲು. ಮೇದಲ್ಲಿ ಉಳಿದ ಚಾಲಿ. ನಮ್ಮ ತೋಟಕ್ಕೆ ಮೂರು ಕ್ವಿಂಟಲ್, ಕ್ವಿಂಟಲ್‌ಗೆ 30,000 ಅಂತಲೇ ಹಿಡಿದಿದ್ದೇನೆ. ಅದಕ್ಕಿಂತ ಮೇಲೆ ಬಂದರೆ ಅದು ಲೆಕ್ಕದ ಹೊರಗಿನ ದುಡ್ಡು. ಈ 90,000ದಲ್ಲಿ ಬೆಳೆಸಾಲ, ಗೊಬ್ಬರ, ಮುಂದಿನ ಮಳೆಗಾಲದ 6,000 ಎಲ್ಲ ಕಳೆದು 15,000 ನಿನ್ನ ಸಾಲದ ಅಸಲಿಗೆ. ಬರುವ ಮೇದಲ್ಲಿ ಒಮ್ಮೆ, ಅದರ ಮುಂದಿನ ಮೇದಲ್ಲಿ ಒಮ್ಮೆ. ಕಟ್ಟುವಾಗ "ಇದು ಅಸಲಿಗೆ" ಅಂತ ಬರೆದುಕೊಟ್ಟು, ಆಮೇಲೆ ಸ್ಟೇಟ್‌ಮೆಂಟ್ ತೆಗೆದು ನೋಡಬೇಕು. ಅಸಲು 15,000 ಇಳಿದರೆ ತಿಂಗಳ ಬಡ್ಡಿ 1,500ರಿಂದ 1,375 ಆಗಬೇಕು. ಆಗದಿದ್ದರೆ ಜಮಾ ಎಲ್ಲೋ ತಪ್ಪಿದೆ ಅಂತ ಅರ್ಥ.

ಹೀಗೆ ಹೋದರೆ ಕಂತು ಶುರುವಾಗುವ ದಿನ ಬಾಕಿ 1,50,000. ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 3,190. ಅದರಲ್ಲಿ 2,000 ನಿನ್ನ ಸಂಬಳದಿಂದ, ಉಳಿದ 1,190 ಡೈರಿಯಿಂದ. ಈಗ ಡೈರಿ ಹೊರುತ್ತಿರುವುದಕ್ಕಿಂತ ಕಮ್ಮಿ.

ಕೊಳೆ ಬಂದರೆ? ಬರಬಹುದು. ಆಗಸ್ಟ್‌ನಲ್ಲೇ ಗೊತ್ತಾಗುತ್ತದೆ, ತೊಟ್ಟಿನ ಹತ್ತಿರ ನೀರು ಹಿಡಿದ ಕಲೆಯ ಹಸಿ ಕಾಯಿ ಮರದ ಬುಡದಲ್ಲಿ ಉದುರಿ ಬಿದ್ದಿರ್ತದೆ. ಅರ್ಧ ಬೆಳೆ ಹೋದರೆ ಆ ವರ್ಷ ಅಸಲಿಗೆ 15,000 ಇಲ್ಲ, ಅಷ್ಟೇ. ಬಡ್ಡಿ ನಿಲ್ಲೋದಿಲ್ಲ, ಅದು ತೋಟವನ್ನು ನಂಬಿಲ್ಲ. ಈಗ ಒಂದು ತಿಂಗಳು ತಪ್ಪಿದರೆ ಬಡ್ಡಿ ಮಾತ್ರ ಉಳಿಯುತ್ತದೆ. ಕಂತು ಶುರುವಾದ ಮೇಲೆ ಹಾಗಲ್ಲ. 90 ದಿನ ಬಾಕಿ ಬಿದ್ದರೆ ಖಾತೆ ಕೆಟ್ಟಿತು ಅಂತ ಬರೀತಾರೆ, ಜೊತೆಗೆ ಸಹಿ ಹಾಕಿದ ಅಪ್ಪನ ಹೆಸರೂ ಕೆಡುತ್ತದೆ. ನಾಳೆ ಅಪ್ಪ ಬೆಳೆಸಾಲ ಕೇಳಿದಾಗ ಅದೇ ಅಡ್ಡ ಬರಬಹುದು.

ಈಗ ನಿನ್ನ ಮಾತಿಗೆ ಬರ್ತೀನಿ. ಈ ಜೂನ್‌ನಲ್ಲಿ ಬಿಟ್ಟರೆ 60,000 ಸಾಲ ಕಮ್ಮಿ ಆಗುತ್ತದೆ, ನಿಜ. ಆದರೆ ತೆಗೆದ 1,20,000 ಹಾಗೇ ಇರ್ತದೆ, ತೀರಿಸಲಿಕ್ಕೆ ಸರ್ಟಿಫಿಕೇಟ್ ಇರೋದಿಲ್ಲ. ಗೋವಾದ ಕೂಲಿಯಲ್ಲಿ ರೂಮು, ಊಟ ಕಳೆದು ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ನೀನೇ ಒಂದು ಹಾಳೆಯಲ್ಲಿ ಬರೆ. ನಾನು ಬರೆದ ಹಾಗೆ, ಮಳೆಗಾಲದ ತಿಂಗಳನ್ನೂ ಸೇರಿಸಿ ಬರೆ. ಆಮೇಲೆ ಫೋನ್ ಮಾಡು.

ಜೂನ್ ಮೊದಲ ವಾರ ಫೀ ಕಾಗದ ಹಿಡಿದು ಬ್ಯಾಂಕಿಗೆ ಹೋಗಬೇಕು. ಅಪ್ಪನೂ ಬರ್ತಾರೆ, ಸಹಿಗೆ. ಅಷ್ಟರೊಳಗೆ ನೀನು ಒಂದು ದಿನ ಮನೆಗೆ ಬಾ. ಗೌರಿಯ ಕರು ನೀನಿನ್ನೂ ನೋಡಿಲ್ಲ.