ಎರಡು ಮೆಸೇಜ್, ಒಂದೇ ಚೀಟಿ

ಮೊಂತಿ ಹಬ್ಬದ ಹಿಂದಿನ ವಾರ ಕಾಸರಗೋಡಿನ ಬಟ್ಟೆ ಅಂಗಡಿಯೊಂದರಲ್ಲಿ ಮನೆಯವರಿಗೆಲ್ಲ ಬಟ್ಟೆ ತೆಗೆದೆವು. ಬಿಲ್ 2,350 ರೂಪಾಯಿ, ಕಾರ್ಡ್ ಅಮ್ಮನದು. ಮೊದಲ ಸಲ ಮೆಷಿನ್ ಸುಮ್ಮನೆ ನಿಂತುಬಿಟ್ಟಿತು, ಚೀಟಿ ಬರಲಿಲ್ಲ. ಅಂಗಡಿಯಣ್ಣ ಇನ್ನೊಮ್ಮೆ ಉಜ್ಜಿದರು, ಚೀಟಿ ಬಂತು. ಆದರೆ ಅಮ್ಮನ ಫೋನಿಗೆ ಹಣ ಕಡಿತದ ಮೆಸೇಜ್ ಎರಡು! ಹೆಚ್ಚಿಗೆ ಹೋದದ್ದು ಅಪ್ಪನ ಮದ್ದಿನ ದುಡ್ಡು.

ಅಣ್ಣ ಕೂಡಲೇ ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದರು. ಅಮ್ಮ ತಡೆದು, "ಮೊದಲು ಆ ಹಣ ನಿಮಗೆ ಬಂದಿದೆಯಾ ನೋಡಿ" ಎಂದರು. ಕೇಳಬೇಕಾದದ್ದು ಅದನ್ನೇ. ಚೀಟಿ ಬಾರದಿದ್ದಾಗ ಹಣ ಅಂಗಡಿಗೆ ತಲುಪದೆ ನಡುವೆ ಸಿಕ್ಕಿಕೊಂಡಿರಬಹುದು. ಹಾಗಾಗಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಐದು ದಿನದೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು. ಮತ್ತೂ ತಡವಾದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆಗ ನೋಟನ್ನೂ ಪಡೆದಿದ್ದರೆ ನಷ್ಟ ಪಾಪ ಅಂಗಡಿಯವರಿಗೆ.

ಅಣ್ಣ ಮೆಷಿನ್‌ನಿಂದಲೇ ಆ ದಿನದ ವ್ಯವಹಾರದ ಪಟ್ಟಿ ತೆಗೆದರು. ಅದರಲ್ಲಿ 2,350 ಎರಡು ಸಲ ಇತ್ತು, ಬೇರೆ ಬೇರೆ ಇನ್‌ವಾಯ್ಸ್ ನಂಬರಿನಲ್ಲಿ. ಅಂದರೆ ಎರಡೂ ಪಾಸಾಗಿದ್ದವು. ಪುಣ್ಯಕ್ಕೆ ದಿನದ ಲೆಕ್ಕ ಇನ್ನೂ ಸೆಟಲ್ ಆಗಿರಲಿಲ್ಲ. ಮೆನುವಿನಲ್ಲಿ 'ವಾಯ್ಡ್' ಆರಿಸಿ, ನಮ್ಮ ಚೀಟಿಯಲ್ಲಿಲ್ಲದ ನಂಬರು ಒತ್ತಿ, ಆ ವ್ಯವಹಾರವನ್ನು ರದ್ದು ಮಾಡಿದರು. ಸೆಟಲ್ ಆದ ಮೇಲಾದರೆ ವಾಯ್ಡ್ ನಡೆಯದು. ಅಂಗಡಿಯವರು ತಮ್ಮ ಬ್ಯಾಂಕಿನ ಮೂಲಕ ರಿಫಂಡ್ ಕಳಿಸಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ.

ವಾಯ್ಡ್ ಚೀಟಿಯನ್ನು ಅಮ್ಮ ಬೈಬಲಿನೊಳಗೆ ಇಟ್ಟರು. ಮೂರನೇ ದಿನ ಹಣ ಬಂತು.