ಪುಕ್ಕಟೆ ದಲ್ಲಾಳಿಯ ಲೆಕ್ಕ

"ಅಲ್ಲ ಕಣಪ್ಪಾ, ಕಮಿಷನ್ನೇ ತಗಳ್ದೆ ಯಾರ್ ಮಂಡಿ ಇಡ್ತಾರೆ?"

ಹೊಳಲ್ಕೆರೆಯ ನನ್ನ ಸೋದರಮಾವ ಇದನ್ನು ಕೇಳಿದ್ದು ಅವರ ಮಗನ ಫೋನು ನೋಡಿ. ಮಗ ಹೊಸದುರ್ಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಬೋರ್‌ವೆಲ್ ಮೋಟಾರು ಸುಡುವ ಬೇಸಿಗೆಯಲ್ಲಿ ಕೈತುಂಬ ಕೆಲಸ, ಮಳೆಗಾಲದಲ್ಲಿ ಬಿಡುವು. ಆ ಬಿಡುವಿನಲ್ಲಿ ಶೇರು ಕೊಳ್ಳುವುದನ್ನು ಕಲಿತಿದ್ದ. ಕೊಂಡು ಇಟ್ಟುಕೊಂಡರೆ ಬ್ರೋಕರೇಜ್ ಸೊನ್ನೆ ಎಂದು ಅಪ್ಪನಿಗೆ ತೋರಿಸಿದ. ಮಾವ ಮೂವತ್ತು ವರ್ಷದಿಂದ ಭೀಮಸಮುದ್ರದ ಕಡೆಗೂ ಚಿತ್ರದುರ್ಗದ ಕಡೆಗೂ ಅಡಿಕೆ ಹಾಕುತ್ತಾ ಬಂದವರು. ಅವರಿಗೆ ಆ ಸೊನ್ನೆ ಖುಷಿ ಕೊಡಲಿಲ್ಲ, ಅನುಮಾನ ತರಿಸಿತು.

ನನ್ನ ಸಂಶೋಧನೆ ಕೃಷಿ ಮಾರುಕಟ್ಟೆಯ ಸಾಲದ ಬಗ್ಗೆ. ಹಾಗಾಗಿ ಮಾವನ ಅನುಮಾನ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಮಂಡಿಯ ದಲ್ಲಾಳಿಗೆ ಕಮಿಷನ್ ಎನ್ನುವುದು ಪಟ್ಟಿಯಲ್ಲಿ ಕಾಣುವ ಆದಾಯ ಮಾತ್ರ. ಕಾಣದವು ಬೇರೆ ಇವೆ. ಬಿತ್ತನೆಗೋ ಮದುವೆಗೋ ಮುಂಗಡ ಕೊಟ್ಟಿರುತ್ತಾನೆ, ಅದರ ಬಡ್ಡಿ ಒಂದು. ಮುಂಗಡ ಪಡೆದವನು ಮಾಲನ್ನು ಅಲ್ಲಿಗೇ ತರಬೇಕು, ಆ ಕಟ್ಟು ಇನ್ನೊಂದು. ಮಾಲು ಮಾರಿದ ಮೇಲೆ "ಮುಂದಿನ ವಾರ ಬಾ" ಎಂದು ಹಣವನ್ನು ಕೆಲವು ದಿನ ಕೈಯಲ್ಲಿ ಆಡಿಸಿಕೊಳ್ಳುವುದು ಮೂರನೆಯದು. ಶೇರು ದಲ್ಲಾಳಿಯ ಗಳಿಕೆಯೂ ಬಹುಪಾಲು ಇದೇ ಜಾಗಗಳಿಂದ ಬರುತ್ತದೆ. ಹೆಸರುಗಳು ಮಾತ್ರ ಬೇರೆ.

ಮೊದಲಿಗೆ ಅಮೆರಿಕದ ಕತೆ. ಅಲ್ಲಿ 'ಪೇಮೆಂಟ್ ಫಾರ್ ಆರ್ಡರ್ ಫ್ಲೋ' ಎಂಬುದೊಂದಿದೆ: ಆರ್ಡರನ್ನು ಯಾರ ಬಾಗಿಲಿಗೆ ಕಳಿಸುತ್ತೀಯೋ ಅವರು ನಿನಗೆ ದುಡ್ಡು ಕೊಡುತ್ತಾರೆ. ಒಂದು ಶೇರನ್ನು ಕೊಳ್ಳುವವರು ನೂರು ರೂಪಾಯಿಗೆ ಕೇಳುತ್ತಿದ್ದಾರೆ, ಮಾರುವವರು ನೂರು ರೂಪಾಯಿ ಹತ್ತು ಪೈಸೆಗೆ ಕೊಡುತ್ತಿದ್ದಾರೆ ಅಂದುಕೊಳ್ಳಿ. ಬ್ರೋಕರ್ ನಿಮ್ಮ ಆರ್ಡರನ್ನು ಎಕ್ಸ್‌ಚೇಂಜಿಗೆ ಕಳಿಸದೆ ಒಬ್ಬ ಸಗಟು ವ್ಯಾಪಾರಿಗೆ ಕೊಡುತ್ತಾನೆ. ಆತ ನಿಮಗೆ ನೂರು ರೂಪಾಯಿ ಒಂಬತ್ತು ಪೈಸೆಗೆ ಮಾರುತ್ತಾನೆ, ಇನ್ನೊಬ್ಬರಿಂದ ನೂರು ರೂಪಾಯಿ ಒಂದು ಪೈಸೆಗೆ ಕೊಳ್ಳುತ್ತಾನೆ. ನಿಮ್ಮಿಬ್ಬರಿಗೂ ಒಂದೊಂದು ಪೈಸೆ ಉಳಿಯಿತು. ಅವನಿಗೆ ಎಂಟು ಪೈಸೆ ಸಿಕ್ಕಿತು, ಅದರಲ್ಲಿ ಒಂದೆರಡು ಪೈಸೆಯನ್ನು ಬ್ರೋಕರಿಗೆ ದಾಟಿಸಿದ. ಅಂಕಿಗಳು ನನ್ನ ಉದಾಹರಣೆಯವು, ಲೆಕ್ಕದ ದಾರಿ ಮಾತ್ರ ಅಲ್ಲಿಯದೇ.

ಸಣ್ಣವರ ಆರ್ಡರಿಗೇ ಯಾಕೆ ಇಷ್ಟು ಗಿರಾಕಿ? ದೊಡ್ಡ ಫಂಡು ಮಾರಲು ಬಂದರೆ ಅದಕ್ಕೆ ಏನೋ ಗೊತ್ತಿರಬಹುದು, ಕೊಂಡ ಮರುಕ್ಷಣವೇ ಬೆಲೆ ಬೀಳಬಹುದು. ರಿವೈಂಡಿಂಗ್ ಅಂಗಡಿಯವನು ಕೊಳ್ಳುವುದು ಈ ವಾರ ಕೈಯಲ್ಲಿ ದುಡ್ಡಿದೆ ಎಂಬ ಕಾರಣಕ್ಕೆ. ಅವನ ಎದುರು ವ್ಯಾಪಾರ ಮಾಡುವುದು ಕಡಿಮೆ ಅಪಾಯದ ಕೆಲಸ. ಈ ಪದ್ಧತಿಯನ್ನು 1980ರ ದಶಕದಲ್ಲಿ ಬೆಳೆಸಿದವರಲ್ಲಿ ಬರ್ನಾರ್ಡ್ ಮೇಡಾಫ್ ಮುಖ್ಯನು. ಹೌದು, ಮುಂದೆ ಬೇರೊಂದು ಮಹಾ ವಂಚನೆಗಾಗಿ ಜೈಲಿಗೆ ಹೋದ ಅದೇ ಮೇಡಾಫ್. ಇಲ್ಲಿ ಕೆಡುವುದು ಏನೆಂಬುದು 2020ರ ಡಿಸೆಂಬರಿನಲ್ಲಿ ಲೆಕ್ಕಸಮೇತ ಹೊರಬಂತು. 'ಕಮಿಷನ್ ಇಲ್ಲ' ಎಂದು ಹೆಸರು ಮಾಡಿದ ರಾಬಿನ್‌ಹುಡ್ ಕಂಪನಿ ತನ್ನ ಆದಾಯದ ಈ ಮೂಲವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದು ಅಲ್ಲಿನ ನಿಯಂತ್ರಕರು ಆರೋಪಿಸಿದರು. ಕಂಪನಿ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ 6.5 ಕೋಟಿ ಡಾಲರ್ ದಂಡ ಕಟ್ಟಿತು. ಕಮಿಷನ್ ಉಳಿದದ್ದನ್ನು ಕಳೆದ ಮೇಲೂ ಗ್ರಾಹಕರಿಗೆ 3.41 ಕೋಟಿ ಡಾಲರ್ ನಷ್ಟವಾಗಿದೆ ಎಂದು ನಿಯಂತ್ರಕರ ಆದೇಶ ಹೇಳಿತು. ಕಮಿಷನ್ ಸೊನ್ನೆ, ಆದರೆ ಕೊಂಡ ಬೆಲೆಯೇ ಕೆಟ್ಟದ್ದು. ಮಾವನಿಗೆ ಇದನ್ನು ಹೇಳಿದಾಗ, "ತೂಕದಾಗೆ ಹೊಡ್ದ ಅನ್ನು" ಎಂದರು.

ನಮ್ಮಲ್ಲಿ ಈ ದಾರಿ ಇಲ್ಲ. ಹೊಸದುರ್ಗದ ಹುಡುಗನ ಆರ್ಡರು ಎನ್‌ಎಸ್‌ಇ ಇಲ್ಲವೇ ಬಿಎಸ್‌ಇಗೇ ಹೋಗಬೇಕು. ಅಲ್ಲಿ ಒಳ್ಳೆಯ ಬೆಲೆ ಹೇಳಿದವನಿಗೆ ಮೊದಲ ಸರದಿ, ಬೆಲೆ ಒಂದೇ ಆದರೆ ಮೊದಲು ಬಂದವನಿಗೆ. ಬ್ರೋಕರ್ ಅದನ್ನು ನಡುವೆ ಯಾರಿಗೂ ಮಾರುವಂತಿಲ್ಲ. ಆದರೆ ಅದರ ದೂರದ ನೆಂಟನಂಥ ಒಂದು ಪದ್ಧತಿ ಇತ್ತೀಚಿನವರೆಗೂ ಇತ್ತು. ಪ್ರತಿ ವಹಿವಾಟಿಗೂ ಎಕ್ಸ್‌ಚೇಂಜ್ ಒಂದು ಶುಲ್ಕ ಹಾಕುತ್ತದೆ. ಹೆಚ್ಚು ವಹಿವಾಟು ತಂದ ಬ್ರೋಕರಿಗೆ ಶುಲ್ಕದ ದರ ಇಳಿಯುತ್ತಿತ್ತು. ಬ್ರೋಕರ್ ಮಾತ್ರ ಗ್ರಾಹಕರಿಂದ ಮೇಲಿನ ದರದಲ್ಲೇ ವಸೂಲು ಮಾಡುತ್ತಿದ್ದ. ಉದಾಹರಣೆಗೆ, ಕೋಟಿ ರೂಪಾಯಿ ವಹಿವಾಟಿಗೆ ನಮ್ಮಿಂದ ಮುನ್ನೂರು ತೆಗೆದುಕೊಂಡು, ತಿಂಗಳ ಕೊನೆಗೆ ಎಕ್ಸ್‌ಚೇಂಜಿಗೆ ಇನ್ನೂರೈವತ್ತು ಕಟ್ಟಿದರೆ ಐವತ್ತು ಅವನದು. ಗ್ರಾಹಕನ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಆ ಮುನ್ನೂರು 'ಎಕ್ಸ್‌ಚೇಂಜ್ ಶುಲ್ಕ' ಎಂದೇ ಇರುತ್ತಿತ್ತು. ಹಮಾಲಿ ಎಂದು ಹಿಡಿದದ್ದರಲ್ಲಿ ಸ್ವಲ್ಪ ಗಲ್ಲಾಪೆಟ್ಟಿಗೆಗೆ ಬಿದ್ದ ಹಾಗೆ.

2024ರ ಜುಲೈ 1ರಂದು ಸೆಬಿ ಇದಕ್ಕೆ ತೆರೆ ಎಳೆಯಿತು. ಅಕ್ಟೋಬರ್ 1ರಿಂದ ಎಲ್ಲರಿಗೂ ಒಂದೇ ದರ, ಗ್ರಾಹಕನಿಂದ ಪಡೆದದ್ದು ಎಕ್ಸ್‌ಚೇಂಜಿಗೆ ಕಟ್ಟಿದ್ದಕ್ಕೆ ಸಮನಾಗಿರಬೇಕು ಎಂದಿತು. ಆಗ ಬೆಂಗಳೂರಿನ ಝೆರೋಧಾದ ನಿತಿನ್ ಕಾಮತ್ ಅವರು ತಮ್ಮ ಆದಾಯದ ಸುಮಾರು ಶೇ. 10ರಷ್ಟು ಈ ರಿಯಾಯಿತಿಯಿಂದಲೇ ಬರುತ್ತಿತ್ತೆಂದು ಬಹಿರಂಗವಾಗಿ ಬರೆದರು. 2010ರಲ್ಲಿ ಶುರುವಾಗಿ, 2015ರ ಕೊನೆಗೆ ಶೇರು ಕೊಂಡಿಟ್ಟುಕೊಳ್ಳುವವರಿಗೆ ಬ್ರೋಕರೇಜನ್ನೇ ತೆಗೆದುಹಾಕಿದ ಕಂಪನಿ ಅದು. ಉಳಿದವರಲ್ಲಿ ಕೆಲವರು ಆ ವರ್ಷವೇ ಸೊನ್ನೆಯನ್ನು ಕೈಬಿಟ್ಟು ಮತ್ತೆ ಶುಲ್ಕ ಹಾಕಿದರು. ಸೊನ್ನೆಯನ್ನು ಹೊತ್ತು ನಿಂತಿದ್ದ ಕಂಬಗಳಲ್ಲಿ ಇದೂ ಒಂದಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ದೊಡ್ಡ ಕಂಬ ಇನ್ನೊಂದಿದೆ: ಫ್ಯೂಚರ್ಸ್ ಮತ್ತು ಆಪ್ಷನ್ಸ್. ಅಲ್ಲಿ ಪ್ರತಿ ಆರ್ಡರಿಗೂ ಶುಲ್ಕವಿದೆ, ಗ್ರಾಹಕ ಗೆದ್ದರೂ ಸೋತರೂ ಅದು ಬರುತ್ತದೆ. ಮೂರು ವರ್ಷಗಳ ಲೆಕ್ಕದಲ್ಲಿ ಅಲ್ಲಿ ಆಡಿದ ಸಾಮಾನ್ಯರಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆಂದು ಸೆಬಿ 2024ರಲ್ಲಿ ಪ್ರಕಟಿಸಿತು.

ಇನ್ನು ಸಾಲ. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಗಮನಿಸಬೇಕಾದದ್ದು ಇದನ್ನೇ, ಏಕೆಂದರೆ ಇದು ಮಂಡಿಯ ಮುಂಗಡದ ಸಾಕ್ಷಾತ್ ತಮ್ಮ. ಹೊಸದುರ್ಗದವನು ಒಂದು ದಿನ ಫೋನು ಮಾಡಿ, "ಭಾವ, ನಲ್ವತ್ತು ಸಾವ್ರ ಹಾಕಿದ್ರೆ ಒಂದು ಲಕ್ಷದ ಶೇರು ಕೊಡ್ತಾರಂತೆ" ಎಂದ. ಇದರ ಹೆಸರು ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ, ಆ್ಯಪಿನಲ್ಲಿ MTF ಎಂಬ ಮೂರಕ್ಷರ. ಉಳಿದ ಅರವತ್ತು ಸಾವಿರವನ್ನು ಬ್ರೋಕರ್ ಹಾಕುತ್ತಾನೆ. ಕೊಂಡ ಶೇರು ನಮ್ಮ ಖಾತೆಯಲ್ಲೇ ಇದ್ದರೂ ಅವನಿಗೆ ಅಡವಾಗಿರುತ್ತದೆ. ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ತೋರಿಸುವುದು ಕಡಿಮೆ, ದಿನಕ್ಕೆ ಶೇ. 0.04 ಎಂಬಂತೆ ಬರೆದಿರುತ್ತಾರೆ. ನೋಡಲು ಏನೂ ಅಲ್ಲದ ಅಂಕಿ.

ನಾವಿಬ್ಬರೂ ಕಾಗದ ಹಿಡಿದು ಕೂತೆವು. ಅರವತ್ತು ಸಾವಿರಕ್ಕೆ ಶೇ. 0.04 ಅಂದರೆ ದಿನಕ್ಕೆ ₹24. ಭಾನುವಾರಕ್ಕೂ ಬಡ್ಡಿ ಉಂಟು, ಯುಗಾದಿ ಹಬ್ಬಕ್ಕೂ ಉಂಟು. ತೊಂಬತ್ತು ದಿನಕ್ಕೆ ₹2,160. ವರ್ಷಕ್ಕೆ ಹಿಡಿದರೆ ಶೇ. 14.6. ಅಂದರೆ ಮೂರು ತಿಂಗಳಲ್ಲಿ ಒಂದು ಲಕ್ಷದ ಶೇರು ಶೇ. 2ಕ್ಕಿಂತ ಹೆಚ್ಚು ಏರಿದರೆ ಮಾತ್ರ ಅವನು ಹಾಕಿದ ದುಡ್ಡು ಹಾಗೇ ಉಳಿಯುತ್ತದೆ, ಬೇರೆ ಶುಲ್ಕಗಳು ಇನ್ನೂ ಬಾಕಿ. ಇದೇ ಶೇರನ್ನು ಸ್ವಂತ ದುಡ್ಡಿನಲ್ಲಿ ಕೊಂಡಿದ್ದರೆ ಬ್ರೋಕರಿಗೆ ಬ್ರೋಕರೇಜಿನಿಂದ ಸಿಗುತ್ತಿದ್ದದ್ದು ಸೊನ್ನೆ. ಕೊಳ್ಳುವ ಪರದೆಯಲ್ಲಿ ಆ ಮೂರಕ್ಷರ ಅಷ್ಟು ಎದ್ದು ಕಾಣುವಂತೆ ಯಾಕಿರುತ್ತದೆ ಎಂಬುದಕ್ಕೆ ಉತ್ತರ ಈ ₹2,160ರಲ್ಲಿದೆ.

ಈಗ ಬೆಲೆ ಶೇ. 20 ಬಿತ್ತು ಅನ್ನಿ. ಶೇರಿನ ಮೌಲ್ಯ ಎಂಬತ್ತು ಸಾವಿರ, ಸಾಲ ಅರವತ್ತು ಸಾವಿರ ಹಾಗೆಯೇ ಇದೆ. ಇವನ ಪಾಲು ನಲವತ್ತರಿಂದ ಇಪ್ಪತ್ತು ಸಾವಿರಕ್ಕೆ ಇಳಿಯಿತು. ಶೇರು ಐದರಲ್ಲೊಂದು ಪಾಲು ಬಿದ್ದರೆ ಇವನ ಅರ್ಧ ದುಡ್ಡು ಹೋಯಿತು. ಬ್ರೋಕರ್ ಮೌಲ್ಯದ ಶೇ. 40ರಷ್ಟು ಗ್ರಾಹಕನ ಪಾಲು ಇರಲೇಬೇಕು ಎನ್ನುವವನಾದರೆ, ಎಂಬತ್ತು ಸಾವಿರಕ್ಕೆ ಮೂವತ್ತೆರಡು ಸಾವಿರ ಬೇಕು. ಹನ್ನೆರಡು ಸಾವಿರ ಕಡಿಮೆ. ತುಂಬಲು ಸಂದೇಶ ಬರುತ್ತದೆ. ಹೇಳಿದ ಹೊತ್ತಿಗೆ ತುಂಬದಿದ್ದರೆ ಶೇರನ್ನು ಅವನೇ ಮಾರುತ್ತಾನೆ, ಅದೂ ಎಲ್ಲರೂ ಮಾರುತ್ತಿರುವ ದಿನವೇ. ಮುಂಗಡ ತೀರಿಸಲು ಬೆಲೆ ಬಿದ್ದ ವಾರವೇ ಅಡಿಕೆ ತಂದು ಹಾಕಿದವರನ್ನು ಮಾವ ಬೇಕಾದಷ್ಟು ನೋಡಿದ್ದಾರೆ. ಅವರಿಗೆ ಈ ಭಾಗವನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಮೂರನೆಯದು ಸುಮ್ಮನೆ ಬಿದ್ದ ದುಡ್ಡು. ಹಿರಿಯೂರಿನಲ್ಲಿರುವ ನನ್ನ ಸಹಪಾಠಿಯೊಬ್ಬಳು ಫೆಲೋಶಿಪ್ ಬಂದಾಗ ಹತ್ತು ಸಾವಿರವನ್ನು ಟ್ರೇಡಿಂಗ್ ಖಾತೆಗೆ ಹಾಕಿ, ಬೆಲೆ ಇಳಿಯಲಿ ಎಂದು ಕಾಯುತ್ತಿದ್ದಳು. ವಾಣಿವಿಲಾಸ ಸಾಗರ ತುಂಬಲೆಂದು ಕಾದಷ್ಟೇ ತಾಳ್ಮೆಯಿಂದ. ಆ ಹಣಕ್ಕೆ ಅವಳಿಗೆ ಬಡ್ಡಿಯಿಲ್ಲ. ಬ್ರೋಕರ್ ಅದನ್ನು ತನ್ನ ಖರ್ಚಿಗೆ ಬಳಸುವಂತಿಲ್ಲ. 2023ರ ನಿಯಮದಂತೆ ದಿನದ ಕೊನೆಗೆ ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ಮೇಲೆ ಕಳಿಸಬೇಕು. ಆದರೆ ನಗದಾಗಿಯೇ ಕಳಿಸಬೇಕೆಂದಿಲ್ಲ, ಆ ಹಣದಿಂದ ಬ್ಯಾಂಕಿನಲ್ಲಿ ಠೇವಣಿ ಮಾಡಿ ಅದನ್ನು ಅಡವಿಟ್ಟರೂ ನಡೆಯುತ್ತದೆ. ಠೇವಣಿಯ ಬಡ್ಡಿ ಬ್ರೋಕರಿಗೆ. ಶೇ. 6 ಎಂದು ಹಿಡಿದರೆ ಅವಳ ಹತ್ತು ಸಾವಿರಕ್ಕೆ ಮೂರು ತಿಂಗಳಿಗೆ ₹150 ಆಗಬಹುದು, ಜಗಳಕ್ಕೆ ಯೋಗ್ಯವಾದ ಮೊತ್ತವಲ್ಲ. ಅವಳಂಥವರು ಒಂದು ಲಕ್ಷ ಜನ ಇದ್ದರೆ ಒಂದೂವರೆ ಕೋಟಿ. ಅಮೆರಿಕದ ದೊಡ್ಡ ಬ್ರೋಕರ್ ಚಾರ್ಲ್ಸ್ ಶ್ವಾಬ್‌ನ ಆದಾಯದಲ್ಲಿ ಬಡ್ಡಿಯದೇ ದೊಡ್ಡ ಪಾಲು.

ಇದಕ್ಕೆ ನಮ್ಮಲ್ಲೊಂದು ಲಗಾಮಿದೆ. ಗ್ರಾಹಕ ಆರಿಸಿಕೊಂಡಂತೆ ತಿಂಗಳಿಗೊಮ್ಮೆ ಇಲ್ಲವೇ ಮೂರು ತಿಂಗಳಿಗೊಮ್ಮೆ ಬಳಕೆಯಾಗದ ಹಣವನ್ನು ಅವನ ಬ್ಯಾಂಕಿಗೆ ಮರಳಿಸಲೇಬೇಕು. ಸಹಪಾಠಿಗೆ ಒಂದು ಶನಿವಾರ ಇದ್ದಕ್ಕಿದ್ದಂತೆ ಹತ್ತು ಸಾವಿರ ವಾಪಸು ಬಂದಾಗ ಖಾತೆ ಮುಚ್ಚಿಬಿಟ್ಟರೇನೋ ಎಂದು ಗಾಬರಿಯಾಗಿದ್ದಳು. ಲಗಾಮು ಏಕೆ ಬೇಕಾಯಿತು ಎಂಬುದಕ್ಕೆ ಹೈದರಾಬಾದಿನ ಕಾರ್ವಿ ಪ್ರಕರಣ ಸಾಕು. ಗ್ರಾಹಕರು ಕೊಟ್ಟ ಅಧಿಕಾರಪತ್ರ ಬಳಸಿ ಅವರ ಶೇರುಗಳನ್ನೇ ಅಡವಿಟ್ಟು ಸಾಲ ಎತ್ತಿದ್ದು 2019ರ ನವೆಂಬರಿನಲ್ಲಿ ಸೆಬಿಯ ಆದೇಶದಿಂದ ಬಯಲಾಯಿತು. ಅಡವಿಗೆ ಗ್ರಾಹಕನೇ ಒಟಿಪಿ ಕೊಟ್ಟು ಒಪ್ಪಬೇಕೆಂಬ ಈಗಿನ ಕ್ರಮ 2020ರಲ್ಲಿ ಬಂದದ್ದು ಇದರ ಬೆನ್ನಿಗೇ.

ಮಾವ ಮತ್ತೆ ಸಿಕ್ಕಾಗ ಪಟ್ಟಿ ತೋರಿಸು ಎಂದರು. ಹೊಸದುರ್ಗದವನ ಕಾಂಟ್ರ್ಯಾಕ್ಟ್ ನೋಟು ತೆಗೆದೆವು. ಬ್ರೋಕರೇಜು, ಎಕ್ಸ್‌ಚೇಂಜ್ ಶುಲ್ಕ, ಎಸ್‌ಟಿಟಿ, ಸ್ಟ್ಯಾಂಪ್ ಶುಲ್ಕ, ಜಿಎಸ್‌ಟಿ, ಎಲ್ಲವೂ ಪೈಸೆ ಲೆಕ್ಕದಲ್ಲಿ ಇತ್ತು. ಬಡ್ಡಿಯ ಸಾಲು ಮಾತ್ರ ಇರಲಿಲ್ಲ. ಅದು ಲೆಡ್ಜರ್ ಎಂಬ ಇನ್ನೊಂದು ಪುಟದಲ್ಲಿರುತ್ತದೆ, ಅದನ್ನು ನಾವೇ ಹುಡುಕಿ ತೆಗೆಯಬೇಕು. ಮಾವ ಕನ್ನಡಕ ಸರಿಮಾಡಿಕೊಂಡು, "ಆ ಪುಸ್ತಕ ತಗಿ" ಎಂದರು.