ಹಾಸಿಗೆಯ ಧೂಳೂ ಬಿಸಿನೀರೂ

ನಮ್ಮ ಮನೆಯಲ್ಲಿ ಎಂಟು ವರ್ಷದ ಮೊಮ್ಮಗನೊಬ್ಬನಿದ್ದಾನೆ. ಬೆಳಗಾಗುತ್ತಲೇ ಒಂದರ ಮೇಲೊಂದರಂತೆ ಹತ್ತು ಹದಿನೈದು ಸೀನು; ಮೂಗು ಕಟ್ಟುವುದು; ಕೆಲವು ರಾತ್ರಿ ಎದೆಯಲ್ಲಿ ಸುಯ್ಯೆಂಬ ಸದ್ದು. ಕೊಳ್ಳೇಗಾಲದ ಥಂಡಿಗಾಳಿಯೇ ಇದಕ್ಕೆ ಕಾರಣವೆಂದು ಭಾವಿಸಿ ನಾವು ಮಗುವಿಗೆ ಇನ್ನೊಂದು ರಜಾಯಿಯನ್ನು ಹೊದಿಸಿದೆವು. ರೋಗ ಹೆಚ್ಚಿತೇ ಹೊರತು ತಗ್ಗಲಿಲ್ಲ.

ಬೇಸಗೆಯ ರಜೆಯಲ್ಲಿ ಹುಡುಗನು ಹನೂರಿನಲ್ಲಿರುವ ನಮ್ಮ ಮಗಳ ಮನೆಗೆ ಹೋಗಿ ಹದಿನೈದು ದಿನವಿದ್ದನು. ಅಲ್ಲಿ ಅವನಿಗೆ ಚಾಪೆ, ಅದರ ಮೇಲೊಂದು ಒಗೆದ ದುಪ್ಪಟಿ, ಇಷ್ಟೇ ಶಯ್ಯೆ. ಸೀನು ಬಹುಮಟ್ಟಿಗೆ ನಿಂತಿತೆಂದು ಮಗಳು ತಿಳಿಸಿದಳು. ಕೊಳ್ಳೇಗಾಲಕ್ಕೆ ಮರಳಿ ತನ್ನ ಬೂರುಗದ ಹತ್ತಿಯ ದಿಂಬಿನ ಮೇಲೆ ತಲೆಯಿಟ್ಟ ಮೂರನೆಯ ದಿನ ಅದು ಮತ್ತೆ ಬಂದಿತು. ಊರಿನ ಗಾಳಿಯನ್ನು ದೂರುತ್ತಿದ್ದ ನಮ್ಮ ದೃಷ್ಟಿ ಆಗ ಹಾಸಿಗೆಯ ಕಡೆಗೆ ತಿರುಗಿತು. ವೈದ್ಯರು ಚರ್ಮದ ಮೇಲೆ ಸೂಜಿಮೊನೆಯ ಪರೀಕ್ಷೆಯನ್ನು ಮಾಡಿ, ಮಗುವಿಗೆ ಧೂಳುನುಸಿ ಒಗ್ಗದೆಂದು ಹೇಳಿದರು.

ಈ ನುಸಿಯು ತಿಗಣೆಯಲ್ಲ. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಎಂಟು ಕಾಲಿನ ಈ ಜೀವಿಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲು. ಬರಿಗಣ್ಣಿಗೆ ಕಾಣದೆಂದೇ ಹೇಳಬಹುದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ನೀರನ್ನು ಕುಡಿಯದೆ ಗಾಳಿಯ ತೇವವನ್ನೇ ಹೀರಿ ಬದುಕುವುದರಿಂದ, ಬೆವರಿನಿಂದ ನಸುದೇವವಾಗಿರುವ ದಿಂಬು ಇದಕ್ಕೆ ಸುಭಿಕ್ಷವಾದ ರಾಜ್ಯ. ಮನೆಯ ಧೂಳಿನಿಂದ ಬರುವ ಉಬ್ಬಸಕ್ಕೆ ಈ ಜೀವಿಯೇ ಮೂಲವೆಂಬುದನ್ನು 1964ರಲ್ಲಿ ಹಾಲೆಂಡಿನ ಲೈಡನ್ ನಗರದ ವಿದ್ವಾಂಸರು ತೋರಿಸಿಕೊಟ್ಟರು. ಇದು ಶೀತದೇಶದ ಪಿಡುಗೆಂದು ಭಾವಿಸಬಾರದು; ಬೆಂಗಳೂರಿನ ಮನೆಗಳ ಧೂಳಿನಲ್ಲಿಯೂ ನುಸಿಶಾಸ್ತ್ರಜ್ಞರು ಇದನ್ನು ಕಂಡಿದ್ದಾರೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮಗುವನ್ನು ಪೀಡಿಸುವುದು ಮುಖ್ಯವಾಗಿ ಆ ಜೀವಿಯಲ್ಲ, ಅದರ ಮಲ. ನುಸಿಯ ಜಠರದಲ್ಲಿ ಆಹಾರವನ್ನು ಕರಗಿಸುವ ಪದಾರ್ಥವು ಆ ಮಲದ ಕಣಗಳಲ್ಲಿ ಉಳಿದಿರುತ್ತದೆ; ಅದು ಉಸಿರಿನೊಡನೆ ಒಳಹೊಕ್ಕು, ಒಗ್ಗದವರ ಮೂಗನ್ನೂ ಶ್ವಾಸನಾಳವನ್ನೂ ಕೆರಳಿಸುತ್ತದೆ. ನುಸಿ ಸತ್ತರೂ ಈ ಕಣಗಳು ಅಲ್ಲಿಯೇ ಇರುತ್ತವೆ. ಆದುದರಿಂದ ಕೆಲಸಗಳು ಎರಡು: ಒಂದು ವಧೆ, ಇನ್ನೊಂದು ಕ್ಷಾಲನ. ವಧೆಯು ಶಾಖದಿಂದ, ಕ್ಷಾಲನವು ನೀರಿನಿಂದ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಕೆಲಸವಾದಂತೆ.

ನಾವು ಈ ಎರಡನ್ನೂ ತಪ್ಪಾಗಿಯೇ ಮಾಡುತ್ತಿದ್ದೆವು. ಭಾನುವಾರ ದಿಂಬು ರಜಾಯಿಗಳನ್ನು ಬಿಸಿಲಿಗೆ ಹಾಕಿ, ಸಂಜೆ ನಡುಮನೆಗೆ ತಂದು ಕೋಲಿನಿಂದ ಬಡಿಯುವುದು ನಮ್ಮ ಪದ್ಧತಿ. ಉರಿಬಿಸಿಲು ಮೇಲ್ಪದರದ ನುಸಿಯನ್ನು ಒಣಗಿಸಿ ಕೊಲ್ಲುವುದು ನಿಜ. ಆದರೆ ದಪ್ಪ ದಿಂಬಿನ ಗರ್ಭಕ್ಕೆ ಆ ಶಾಖ ಇಳಿಯುವುದಿಲ್ಲ, ಮಲದ ಕಣಗಳೂ ಹೋಗುವುದಿಲ್ಲ. ಬಡಿದಾಗ ಅವು ಮನೆಯ ಗಾಳಿಗೆ ಏಳುತ್ತವೆ. ನಾವು ಶುಚಿ ಮಾಡುತ್ತಿದ್ದೇವೆಂದುಕೊಂಡು ಪಕ್ಕದಲ್ಲಿ ಪಾಠ ಓದುತ್ತಿದ್ದ ಮಗುವಿಗೆ ರೋಗವನ್ನು ಉಣಬಡಿಸುತ್ತಿದ್ದೆವು! ತಣ್ಣೀರಿನಲ್ಲಿ ಒಗೆದು ಮಡಿಯಾಯಿತೆಂದು ಇಡುತ್ತಿದ್ದ ಹಾಸುಬಟ್ಟೆಯ ಕಥೆ ಇದರ ತಿರುಗುಮುರುಗು. ಮಲದ ಆ ಪದಾರ್ಥವು ನೀರಿನಲ್ಲಿ ಕರಗುವುದರಿಂದ ತಣ್ಣೀರೇ ಅದರ ಬಹುಭಾಗವನ್ನು ತೊಳೆಯುತ್ತದೆ. ಆದರೆ ನುಸಿಗಳಲ್ಲಿ ಹೆಚ್ಚಿನವು ನೂಲನ್ನು ಹಿಡಿದುಕೊಂಡು ಬದುಕಿಬಿಡುತ್ತವೆ. ಕೆಲವೇ ವಾರಗಳಲ್ಲಿ ಮತ್ತೆ ಅದೇ ಸಂತಾನ, ಅದೇ ಮಲ.

ಎಷ್ಟು ಬಿಸಿ ಬೇಕು? ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದಂತೆ, 55 ಡಿಗ್ರಿ ಸೆಂಟಿಗ್ರೇಡ್ ಅಥವಾ ಅದಕ್ಕೆ ಮೇಲ್ಪಟ್ಟ ನೀರಿನಲ್ಲಿ ಒಗೆದರೆ ನುಸಿಗಳೆಲ್ಲ ಸಾಯುತ್ತವೆ. ಹೆಚ್ಚುಕಡಿಮೆಗೆ ಅವಕಾಶವಿರಲೆಂದು ವೈದ್ಯರು 60 ಎನ್ನುತ್ತಾರೆ.

ಇದನ್ನು ನಾವು ಯಳಂದೂರಿನ ಪರಿಚಿತರೊಬ್ಬ ವೃದ್ಧ ಮಡಿವಾಳರಿಗೆ ಹೇಳಿದಾಗ ಅವರು ನಕ್ಕು, “ಮೇಷ್ಟ್ರೇ, ನಮ್ಮಪ್ಪ ಉಬ್ಬೆ ಹಾಕುತ್ತಿದ್ದದ್ದು ಇನ್ನೇನು?” ಎಂದರು. ನಿಜವೇ. ಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ, ಕುದಿಯುವ ಬಾನೆಯ ಬಾಯಿಯ ಮೇಲೆ ಒಟ್ಟಿ, ಕೆಳಗಿನಿಂದ ಆವಿ ಏರುವಂತೆ ಉರಿಯಿಕ್ಕಿ, ಬಳಿಕ ಹೊಳೆಯ ಹರಿಯುವ ನೀರಿನಲ್ಲಿ ಜಾಲಿಸುವುದೇ ಉಬ್ಬೆ. ಆವಿಯಿಂದ ವಧೆ, ಹೊಳೆಯಿಂದ ಕ್ಷಾಲನ. ನುಸಿಯ ಹೆಸರನ್ನೇ ಕೇಳದವರು ಎರಡನ್ನೂ ಕ್ರಮವಾಗಿ ಮಾಡುತ್ತಿದ್ದರು.

ಉಬ್ಬೆಯಿಲ್ಲದ ನಮ್ಮ ಮನೆಯಲ್ಲಿ ಈಗ ನಡೆಯುವ ಕ್ರಮ ಹೀಗಿದೆ. ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯಬೇಕು. ಬಟ್ಟೆ ನೆನೆಸುವ ಪಾತ್ರೆಗೆ ತಣ್ಣೀರು ಎರಡು ಪಾಲು, ಅದರ ಮೇಲೆ ಕುದಿನೀರು ಮೂರು ಪಾಲು. ತಣ್ಣೀರು 25 ಡಿಗ್ರಿಯಿದ್ದರೆ ಮಿಶ್ರಣವು ಸುಮಾರು 70ಕ್ಕೆ ಬರುತ್ತದೆ. ಸಮಪಾಲು ಬೆರೆಸಿದರೆ 62 ಬರುವುದಾದರೂ, ಬಟ್ಟೆಯೂ ಪಾತ್ರೆಯೂ ಶಾಖವನ್ನು ಹೀರುವುದರಿಂದ ಅದು ಸಾಲದು. ಸಾಬೂನಿನ ಪುಡಿ ಬೆರೆಸಿ, ಹಾಸುಬಟ್ಟೆ ದಿಂಬಿನ ಚೀಲಗಳನ್ನು ಕೋಲಿನಿಂದ ಅದುಮಿ, ಮೇಲೆ ಹಲಗೆ ಮುಚ್ಚುತ್ತೇವೆ. ತಾಪಮಾಪಕವನ್ನು ಇಳಿಬಿಟ್ಟು ನೋಡಿದಾಗ ಮೊದಲು 64, ಕಾಲು ಗಂಟೆಯ ಬಳಿಕ 58 ಇದ್ದಿತು. ತಾಪಮಾಪಕವಿಲ್ಲದವರಿಗೆ ಒಂದು ಗುರುತುಂಟು: ನಿಮ್ಮ ಕೈ ಆ ನೀರನ್ನು ತಾಳುವುದಾದರೆ ನುಸಿಯೂ ತಾಳುತ್ತದೆಂದು ತಿಳಿಯಿರಿ. ಆದರೆ ಕೈಯಿಟ್ಟು ಪರೀಕ್ಷಿಸಲು ಹೋಗಿ ಸುಟ್ಟುಕೊಳ್ಳಬೇಡಿ. ಮಕ್ಕಳನ್ನು ಬಚ್ಚಲಿನ ಬಳಿಗೆ ಬಿಡಬೇಡಿ. ಬಳಿಕ ಧಾರಾಳವಾದ ತಣ್ಣೀರಿನಲ್ಲಿ ಎರಡು ಬಾರಿ ಜಾಲಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ವಾರಕ್ಕೊಮ್ಮೆ ಇದು ನಡೆಯಬೇಕು. ಒಗೆಯುವ ಯಂತ್ರವುಳ್ಳವರು ಅದರಲ್ಲಿ ನೀರು ಕಾಯಿಸುವ ಏರ್ಪಾಡಿದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಎಲ್ಲ ಬಟ್ಟೆಯೂ ಈ ಶಾಖವನ್ನು ತಾಳುವುದಿಲ್ಲ. ಬಿಳಿಯ ಅಥವಾ ಗಟ್ಟಿಬಣ್ಣದ ಹತ್ತಿಬಟ್ಟೆ ತಾಳುತ್ತದೆ. ಕಂಬಳಿಯು ಕುಗ್ಗಿ ಗಂಟುಗಟ್ಟುತ್ತದೆ. ಬಣ್ಣದ ರೇಷ್ಮೆ ಕಳೆಗುಂದುವುದೆಂದು ನೇಕಾರರ ಊರಾದ ಕೊಳ್ಳೇಗಾಲದವರಿಗೆ ಹೇಳಬೇಕಾಗಿಲ್ಲ. ಆದಕಾರಣ ಇವು ರೋಗಿಯ ಹೊದಿಕೆಯಾಗಬಾರದು. ಮಗುವಿಗೆ ಈಗ ರಜಾಯಿಯ ಬದಲು ಒಗೆಯಬಹುದಾದ ಹತ್ತಿಯ ದುಪ್ಪಟಿ ಎರಡು.

ಬೂರುಗದ ದಿಂಬನ್ನು ಒಗೆದರೆ ಹತ್ತಿ ಮುದ್ದೆಯಾಗಿ, ಒಳಗಿನ ತೇವ ಆರದೆ ನುಸಿಗೇ ಅನುಕೂಲವಾಗುತ್ತದೆ. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ ಗವಸು ಹಾಕಿ ಆರು ಮುಖವನ್ನೂ ಮುಚ್ಚಬೇಕು. ನೂಲುಗಳ ನಡುವಿನ ರಂಧ್ರವು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಕಿರಿದಾಗಿದ್ದರೆ ಮಲದ ಕಣ ಹೊರಬೀಳದು. ದೀಪಕ್ಕೆ ಹಿಡಿದಾಗ ಬೆಳಕಿನ ಚುಕ್ಕೆಗಳು ಕಂಡರೆ ಆ ಬಟ್ಟೆ ಖಂಡಿತ ಬೇಡ. ಕಾಣದಿದ್ದರೂ ಸಾಕೆಂದು ನಿಶ್ಚಯಿಸಲಾಗದು, ಇದಕ್ಕೆಂದೇ ನೇಯ್ದ ಗವಸುಗಳು ದೊರೆಯುತ್ತವೆ. ಆದರೆ ಗವಸೊಂದನ್ನೇ ನಂಬಬಾರದು: ಬ್ರಿಟನ್ನಿನಲ್ಲಿ ಉಬ್ಬಸವುಳ್ಳ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರಿಯ ಗವಸಿನಿಂದ ಗುಣ ಕಾಣಲಿಲ್ಲ.

ಈ ಕ್ರಮವನ್ನು ಹಿಡಿದು ನಮಗೆ ನಾಲ್ಕು ತಿಂಗಳಾಯಿತು. ಸೀನು ಪೂರ್ತಿ ನಿಂತಿಲ್ಲ. ಹದಿನೈದರಿಂದ ಮೂರು ನಾಲ್ಕಕ್ಕೆ ಇಳಿದಿದೆ. ವೈದ್ಯರು ಕೊಟ್ಟ ಸೇದುವ ಔಷಧವನ್ನು ನಾವು ಬಿಟ್ಟಿಲ್ಲ, ಅವರು ಹೇಳುವವರೆಗೆ ಬಿಡುವುದೂ ಇಲ್ಲ. ಮೊನ್ನೆ ರಾತ್ರಿ ಎದ್ದು ಮಗುವಿನ ಎದೆಗೆ ಕಿವಿಯಿಟ್ಟು ಆಲಿಸಿದೆವು, ಸದ್ದಿರಲಿಲ್ಲ. ರಜಾಯಿಯ ಮೇಲೆ ರಜಾಯಿ ಹೊದಿಸಿದ್ದ ಆ ಚಳಿಗಾಲವನ್ನು ನೆನೆದು ನಾವು ಬಹಳ ಹೊತ್ತು ನಿದ್ರಿಸಲಿಲ್ಲ.